ಮಳೆ ಜಾಸ್ತಿಯಾದಷ್ಟೂ ಕೊಡೆ ಜಾಸ್ತಿ ಮಾರುತ್ತಾ? ಏಳು ವಾರದ ಲೆಕ್ಕದಲ್ಲಿ ಕೋರಿಲೇಷನ್ ಮತ್ತು ರಿಗ್ರೆಷನ್

ಪ್ರಶ್ನೆ: ಸರ್, ನಾನು ಬಿ.ಕಾಂ. ವಿದ್ಯಾರ್ಥಿನಿ, ಊರು ತೀರ್ಥಹಳ್ಳಿ ಹತ್ತಿರ. ಕಾರ್ಲ್ ಪಿಯರ್ಸನ್ ಫಾರ್ಮುಲಾ ಬಾಯಿಪಾಠ ಆಗಿದೆ. r ಕಂಡುಹಿಡಿಯುತ್ತೇನೆ, ರಿಗ್ರೆಷನ್ ಸಮೀಕರಣ ಎರಡನ್ನೂ ಬರೆಯುತ್ತೇನೆ, ಮಾರ್ಕ್ಸೂ ಬರುತ್ತೆ. ಆದ್ರೆ r 0.97 ಬಂದ್ರೆ ಅದು ಏನು ಹೇಳ್ತಿದೆ ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಬರಲ್ಲ. ಒಂದೇ ಲೆಕ್ಕಕ್ಕೆ ಎರಡು ಗೆರೆ ಯಾಕೆ? ಯಾವುದನ್ನ ಯಾವಾಗ ಬಳಸಬೇಕು?

ಉತ್ತರ: ಒಂದು ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡೋಣ, ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗುತ್ತದೆ. ಪಕ್ಕದಲ್ಲಿ ಪೆನ್ನು, ಹಾಳೆ ಇಟ್ಟುಕೊಳ್ಳಿ. ಸಾಧ್ಯವಾದರೆ ಗ್ರಾಫ್ ಹಾಳೆಯೇ ಇರಲಿ.

ತೀರ್ಥಹಳ್ಳಿಯ ಪೇಟೆಯಲ್ಲಿ ಕೊಡೆ, ರೇನ್‌ಕೋಟು, ಪ್ಲಾಸ್ಟಿಕ್ ಚಪ್ಪಲಿ ಮಾರುವ ಒಂದು ಅಂಗಡಿ ಇದೆ ಅಂದುಕೊಳ್ಳಿ. ಮೇ ಮೊದಲ ವಾರದಿಂದ ಜೂನ್ ಮಧ್ಯದವರೆಗೆ, ಅಂದರೆ ಬೇಸಿಗೆಯ ಅಡ್ಡ ಮಳೆಯಿಂದ ಮೃಗಶಿರ ಮಳೆ ಹಿಡಿಯುವವರೆಗೆ, ಅಂಗಡಿಯವರು ಪ್ರತಿ ವಾರ ಎರಡು ಸಂಗತಿ ಬರೆದಿಟ್ಟಿದ್ದಾರೆ. ವಾರದಲ್ಲಿ ಎಷ್ಟು ದಿನ ಮಳೆ ಬಂತು, ಎಷ್ಟು ಕೊಡೆ ಮಾರಾಟವಾಯಿತು. ಲೆಕ್ಕ ಸಲೀಸಾಗಿ ಬರಲಿ ಅಂತ ಅಂಕಿಗಳನ್ನು ನಾನೇ ಹೊಂದಿಸಿದ್ದೇನೆ, ಆದರೆ ಮಲೆನಾಡಿನಲ್ಲಿ ಮಾರಾಟ ನಡೆಯುವ ರೀತಿ ಹೀಗೇ.

ಮಳೆ ಬಂದ ದಿನ X, ಮಾರಾಟವಾದ ಕೊಡೆ Y. ಸರಾಸರಿಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಅನ್ನುವುದು ಸಣ್ಣಕ್ಷರದ x ಮತ್ತು y.

| ವಾರ | X | Y | x | y | x² | y² | xy |
|---|---|---|---|---|---|---|---|
| 1 | 2 | 15 | −2 | −11 | 4 | 121 | 22 |
| 2 | 1 | 12 | −3 | −14 | 9 | 196 | 42 |
| 3 | 2 | 20 | −2 | −6 | 4 | 36 | 12 |
| 4 | 4 | 23 | 0 | −3 | 0 | 9 | 0 |
| 5 | 5 | 34 | 1 | 8 | 1 | 64 | 8 |
| 6 | 7 | 42 | 3 | 16 | 9 | 256 | 48 |
| 7 | 7 | 36 | 3 | 10 | 9 | 100 | 30 |
| ಒಟ್ಟು | 28 | 182 | 0 | 0 | 36 | 782 | 162 |

X ಸರಾಸರಿ 4, Y ಸರಾಸರಿ 26. ಫಾರ್ಮುಲಾಗೆ ಹಾಕುವ ಮುಂಚೆ ಕೊನೆಯ ಕಾಲಂ ಒಂದನ್ನೇ ಸ್ವಲ್ಪ ಹೊತ್ತು ನೋಡಿ. ಒಂದೂ ಮೈನಸ್ ಇಲ್ಲ, ಅಲ್ವಾ? ಮೊದಲ ವಾರ ಮಳೆ ಸರಾಸರಿಗಿಂತ 2 ದಿನ ಕಡಿಮೆ, ಮಾರಾಟವೂ 11 ಕಡಿಮೆ, ಮೈನಸ್ಸು ಮೈನಸ್ಸು ಸೇರಿ ಪ್ಲಸ್ 22. ಆರನೇ ವಾರ ಎರಡೂ ಮೇಲೆ, ಪ್ಲಸ್ 48. ಮಳೆ ಮೇಲಿದ್ದಾಗ ಮಾರಾಟವೂ ಮೇಲೆ, ಮಳೆ ಕೆಳಗಿದ್ದಾಗ ಮಾರಾಟವೂ ಕೆಳಗೆ. ಕೋರಿಲೇಷನ್ ಅಳೆಯುವುದು ಈ ಜೊತೆ ನಡಿಗೆಯನ್ನು. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬಂದಿದ್ದರೆ ಈ ಕಾಲಂ ತುಂಬಾ ಮೈನಸ್ ಇರುತ್ತಿತ್ತು, r ಕೂಡ ಮೈನಸ್ ಬರುತ್ತಿತ್ತು. ಪ್ಲಸ್ಸು ಮೈನಸ್ಸು ಬೆರೆತು ಒಂದನ್ನೊಂದು ಅಳಿಸಿಹಾಕಿದ್ದರೆ r ಸೊನ್ನೆಯ ಹತ್ತಿರ ಇರುತ್ತಿತ್ತು.

```
r = Σxy / √(Σx² × Σy²)
  = 162 / √(36 × 782)
  = 162 / 167.8
  = 0.97
```

ಕೆಳಗೆ ಆ ವರ್ಗಮೂಲದಿಂದ ಭಾಗಿಸುವುದು ಯಾಕೆ? 162 ಅನ್ನುವುದು ತಾನಾಗಿ ಏನನ್ನೂ ಹೇಳುವುದಿಲ್ಲ. ಅಂಗಡಿಯವರು ಕೊಡೆಯ ಸಂಖ್ಯೆ ಬಿಟ್ಟು ರೂಪಾಯಿಯಲ್ಲಿ ಬರೆದಿದ್ದರೆ, ಒಂದು ಕೊಡೆಗೆ 300 ರೂಪಾಯಿ ಅಂದರೆ, ಅದೇ ಮೊತ್ತ 48,600 ಆಗುತ್ತಿತ್ತು. ಸಂಬಂಧ ಏನೂ ಗಟ್ಟಿಯಾಗಿಲ್ಲ, ಅಳತೆ ಬದಲಾಯಿತು ಅಷ್ಟೇ. ಕೆಳಗಿನ ಭಾಗವೂ ಅದೇ 300 ಪಟ್ಟು ಬೆಳೆಯುವುದರಿಂದ r ಮಾತ್ರ 0.97 ಆಗಿಯೇ ಉಳಿಯುತ್ತದೆ. ಆ ವರ್ಗಮೂಲದಿಂದ ಭಾಗಿಸುವುದರಿಂದಲೇ r ಯಾವಾಗಲೂ −1ರಿಂದ +1ರ ಒಳಗೇ ಇರುತ್ತದೆ. ಅದಕ್ಕೆ ದಿನ, ಕೊಡೆ, ರೂಪಾಯಿ ಅನ್ನುವ ಯೂನಿಟ್ಟೇ ಇಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. 0.97 ಅಂದರೆ ಶೇಕಡ 97 ಅಲ್ಲ. "ಮಾರಾಟದ ಶೇಕಡ 97 ಭಾಗ ಮಳೆಯಿಂದ ಬಂದದ್ದು" ಅಂತ ಉತ್ತರ ಪತ್ರಿಕೆಯಲ್ಲಿ ಬರೆಯುವವರು ತುಂಬಾ ಜನ. ಅದು ತಪ್ಪು. ಶೇಕಡದಲ್ಲಿ ಮಾತಾಡಬೇಕು ಅಂದರೆ r ಅನ್ನು ವರ್ಗ ಮಾಡಬೇಕು. ಅದೂ ಯಾವುದರ ಶೇಕಡ ಅಂತ ತಿಳಿಯಬೇಕಾದರೆ ಮೊದಲು ಗೆರೆ ಎಳೆಯಬೇಕು.

ನಮಗೆ ಬೇಕಾದ್ದು ಮಳೆ ನೋಡಿ ಮಾರಾಟ ಅಂದಾಜು ಮಾಡುವ ಗೆರೆ, ಅಂದರೆ Y on X.

```
byx = Σxy / Σx² = 162 / 36 = 4.5
a   = 26 − 4.5 × 4 = 8
Y   = 8 + 4.5X
```

ಓದುವುದು ಹೀಗೆ. ವಾರದಲ್ಲಿ ಒಂದು ದಿನ ಮಳೆ ಜಾಸ್ತಿಯಾದರೆ ಸರಾಸರಿ ನಾಲ್ಕೂವರೆ ಕೊಡೆ ಜಾಸ್ತಿ ಮಾರುತ್ತದೆ. ಮುಂದಿನ ವಾರ 6 ದಿನ ಮಳೆ ಅಂತ ಹವಾಮಾನ ಇಲಾಖೆ ಹೇಳಿದೆ ಅಂದುಕೊಳ್ಳಿ, ಅಂದಾಜು 8 + 27 = 35 ಕೊಡೆ. r ಈ ಮಾತನ್ನು ಯಾವತ್ತೂ ಹೇಳಲಾರದು. ಜೊತೆ ಎಷ್ಟು ಗಟ್ಟಿ ಅನ್ನುವುದನ್ನು r ಹೇಳುತ್ತದೆ, ಎಷ್ಟಕ್ಕೆ ಎಷ್ಟು ಅನ್ನುವುದನ್ನು b ಹೇಳುತ್ತದೆ. ರೂಪಾಯಿಗೆ ಬದಲಾಯಿಸಿದರೆ r ಅಲ್ಲಾಡಲ್ಲ ಅಂದೆನಲ್ಲ, b ಮಾತ್ರ 4.5ರಿಂದ 1,350ಕ್ಕೆ ಏರುತ್ತದೆ. ಅದಕ್ಕೆ b ಬರೆದಾಗಲೆಲ್ಲ ಪಕ್ಕದಲ್ಲಿ ಯೂನಿಟ್ ಬರೆಯಿರಿ: ದಿನಕ್ಕೆ ನಾಲ್ಕೂವರೆ ಕೊಡೆ, ದಿನಕ್ಕೆ 1,350 ರೂಪಾಯಿ.

ಈಗ ಗೆರೆ ಎಷ್ಟು ಕೆಲಸ ಮಾಡಿತು ನೋಡೋಣ. ಮಳೆಯ ಲೆಕ್ಕವೇ ಕೈಯಲ್ಲಿ ಇಲ್ಲ, ಪ್ರತಿ ವಾರ "26 ಮಾರಬಹುದು" ಅಂತ ಸರಾಸರಿಯನ್ನೇ ಹೇಳುತ್ತಾ ಹೋಗುತ್ತೀರಿ ಅಂದುಕೊಳ್ಳಿ. ಪ್ರತಿ ವಾರದ ತಪ್ಪನ್ನು ವರ್ಗ ಮಾಡಿ ಕೂಡಿದರೆ 782. ಅದು ಪಟ್ಟಿಯಲ್ಲೇ ಇದೆ, y² ಕಾಲಂನ ಮೊತ್ತ. ಈಗ ಗೆರೆ ಬಳಸಿ ಹೇಳಿ. ಮೊದಲ ವಾರಕ್ಕೆ ಗೆರೆ ಹೇಳುವುದು 17, ನಿಜವಾಗಿ ಮಾರಿದ್ದು 15, ತಪ್ಪು −2. ಎರಡನೇ ವಾರಕ್ಕೆ 12.5, ಮಾರಿದ್ದು 12, ತಪ್ಪು −0.5. ಹೀಗೇ ಮುಂದುವರಿದರೆ ಉಳಿದ ವಾರಗಳ ತಪ್ಪು +3, −3, +3.5, +2.5, −3.5. ಇವನ್ನು ಕೂಡಿದರೆ ಸೊನ್ನೆ ಬರಬೇಕು, ಬರದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ ಅಂತ ಅರ್ಥ. ವರ್ಗ ಮಾಡಿ ಕೂಡಿದರೆ 53. ಅಂದರೆ 782 ಇದ್ದ ತಪ್ಪು 53ಕ್ಕೆ ಇಳಿಯಿತು. 729 ಹೋಯಿತು. 729ನ್ನು 782ರಿಂದ ಭಾಗಿಸಿದರೆ 0.93. r² ಕೂಡ 0.93. ಎರಡೂ ಒಂದೇ.

ಹಾಗಾಗಿ ಸರಿಯಾದ ಮಾತು ಇದು: ವಾರದಿಂದ ವಾರಕ್ಕೆ ಮಾರಾಟದಲ್ಲಿ ಆದ ಏರುಪೇರಿನಲ್ಲಿ ಶೇಕಡ 93 ಭಾಗವನ್ನು ಮಳೆ ದಿನಗಳ ಗೆರೆ ಹಿಡಿದುಕೊಂಡಿದೆ. ಮಾರಾಟದ ಶೇಕಡ 93 ಅಲ್ಲ, ಮಾರಾಟದ ಏರುಪೇರಿನ ಶೇಕಡ 93.

ಇನ್ನೊಂದು ವಿಷಯ. 35 ಅನ್ನುವ ಅಂದಾಜನ್ನು ಒಂದೇ ಅಂಕಿಯಾಗಿ ಅಂಗಡಿಯವರ ಕೈಗೆ ಕೊಟ್ಟುಬಿಡಬೇಡಿ. ನಮ್ಮ ಹತ್ತಿರ ಇರುವುದು ಬರೀ ಏಳು ವಾರದ ಮಾಹಿತಿ. ಇಷ್ಟು ಕಡಿಮೆ ಇರುವಾಗ ಶೇಕಡ 95 ಭರವಸೆಯಲ್ಲಿ ಹೇಳಬೇಕೆಂದರೆ ಆ ಒಂದು ವಾರದ ಮಾರಾಟ ಸುಮಾರು 26ರಿಂದ 44ರ ಒಳಗೆ ಎಲ್ಲಾದರೂ ಇರಬಹುದು. r 0.97 ಇದ್ದೂ ಇಷ್ಟು ಅಗಲ! ಸ್ಟಾಕ್ ತರಿಸುವವರಿಗೆ 35ಕ್ಕಿಂತ ಈ 44 ಮುಖ್ಯ. ಮಳೆ ಹೊಯ್ಯುತ್ತಿರುವಾಗ ಬಂದ ಗಿರಾಕಿಗೆ ಕೊಡೆ ಇಲ್ಲ ಅಂದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ನಾಳೆ ಬನ್ನಿ ಅಂದರೆ ಕಾಯುವುದಿಲ್ಲ.

ಇನ್ನು ಎರಡು ಗೆರೆ ಯಾಕೆ ಅನ್ನುವುದು. ಚುಕ್ಕಿಗಳನ್ನು ಗ್ರಾಫ್ ಹಾಳೆ ಮೇಲೆ ಹಾಕಿ, ಮಳೆ ಅಡ್ಡಕ್ಕೆ, ಮಾರಾಟ ಉದ್ದಕ್ಕೆ. ನಾವು ಈಗ ಎಳೆದ ಗೆರೆ ಪ್ರತಿ ಚುಕ್ಕಿಯಿಂದ ಮೇಲೆ-ಕೆಳಗಿನ ದೂರವನ್ನು ನೋಡುತ್ತದೆ, ಯಾಕೆಂದರೆ ನಮ್ಮ ತಪ್ಪು ಕೊಡೆಗಳ ಸಂಖ್ಯೆಯಲ್ಲಿ. ಆ ದೂರಗಳ ವರ್ಗದ ಮೊತ್ತ 53. ಬೇರೆ ಯಾವ ನೇರ ಗೆರೆ ಎಳೆದರೂ ಇದಕ್ಕಿಂತ ಕಡಿಮೆ ಬರುವುದಿಲ್ಲ. ಈಗ ಪ್ರಶ್ನೆಯನ್ನು ತಿರುಗಿಸಿ. ಹಳೆಯ ಬಿಲ್ ಪುಸ್ತಕದಲ್ಲಿ ಒಂದು ವಾರ 30 ಕೊಡೆ ಮಾರಿದ ಲೆಕ್ಕ ಇದೆ, ಮಳೆ ಎಷ್ಟು ದಿನ ಇತ್ತು ಅಂತ ಯಾರೂ ಬರೆದಿಟ್ಟಿಲ್ಲ. ಈಗ ತಪ್ಪು ಆಗುವುದು ದಿನಗಳ ಸಂಖ್ಯೆಯಲ್ಲಿ, ಅಂದರೆ ಎಡ-ಬಲದ ದೂರದಲ್ಲಿ. ಆ ದೂರವನ್ನು ಕಡಿಮೆ ಮಾಡುವ ಗೆರೆ ಬೇರೆಯೇ.

```
bxy = Σxy / Σy² = 162 / 782 = 0.207
X   = 0.207Y − 1.39
```

30 ಕೊಡೆ ಅಂದರೆ ಸುಮಾರು 4.8 ದಿನ. ಅಂದಾಜು ಮಾಡಬೇಕಾದದ್ದು ಯಾವುದೋ ಅದು ಎಡಗಡೆ ಒಂಟಿಯಾಗಿ ನಿಂತಿರುವ ಗೆರೆಯನ್ನು ಬಳಸಿ, ಇದರಲ್ಲಿ ಬೇರೆ ಗುಟ್ಟೇನಿಲ್ಲ. ವ್ಯಾಪಾರದಲ್ಲಿ ನೂರಕ್ಕೆ ತೊಂಬತ್ತು ಸಲ ನಮಗೆ ಬೇಕಾಗುವುದು ಮಾರಾಟವನ್ನು ಅಂದಾಜು ಮಾಡುವುದು, ಅದಕ್ಕೆ Y on X ಸಾಕು. ಎರಡೂ ಗೆರೆ ಸರಾಸರಿಗಳ ಚುಕ್ಕಿಯಲ್ಲಿ, ಅಂದರೆ 4 ಮತ್ತು 26ರಲ್ಲಿ, ಒಂದನ್ನೊಂದು ದಾಟುತ್ತವೆ. "ಎರಡು ಸಮೀಕರಣ ಕೊಟ್ಟಿದೆ, ಸರಾಸರಿ ಕಂಡುಹಿಡಿ" ಅನ್ನುವ ಪರೀಕ್ಷೆಯ ಪ್ರಶ್ನೆಯಲ್ಲಿ ಎರಡನ್ನೂ ಬಿಡಿಸುವುದು ಇದಕ್ಕೇ.

ಎರಡೂ b ಗುಣಿಸಿ: 4.5 × 0.207 = 0.93. ಮತ್ತೆ ಅದೇ r². ಪ್ರಶ್ನೆ ಪತ್ರಿಕೆಯಲ್ಲಿ ಯಾವುದು Y on X, ಯಾವುದು X on Y ಅಂತ ಹೇಳದೇ ಸುಮ್ನೆ ಎರಡು ಸಮೀಕರಣ ಕೊಟ್ಟಿದ್ದರೆ ಇದು ಕೈ ಹಿಡಿಯುತ್ತದೆ. ನಮ್ಮ ಗೆರೆಗಳನ್ನೇ ಅದಲುಬದಲು ಮಾಡಿ ನೋಡಿ. ಎರಡನೇ ಗೆರೆಯನ್ನು Y = ಅಂತ ತಿರುಗಿಸಿದರೆ byx ಜಾಗಕ್ಕೆ 4.83 ಬರುತ್ತದೆ, ಮೊದಲನೆಯದನ್ನು X = ಅಂತ ತಿರುಗಿಸಿದರೆ bxy ಜಾಗಕ್ಕೆ 0.222 ಬರುತ್ತದೆ. ಗುಣಿಸಿದರೆ 1.07. r² ಒಂದನ್ನು ದಾಟಲು ಸಾಧ್ಯವೇ ಇಲ್ಲ, ಆದ್ದರಿಂದ ನೀವು ಗೆರೆಗಳನ್ನು ತಪ್ಪಾಗಿ ಗುರುತಿಸಿದ್ದೀರಿ, ಅದಲುಬದಲು ಮಾಡಿ. ವರ್ಗಮೂಲ ತೆಗೆಯುವಾಗ r ಚಿಹ್ನೆಯನ್ನೂ ಮರೆಯಬೇಡಿ. ಎರಡೂ b ಮೈನಸ್ ಇದ್ದರೆ r ಕೂಡ ಮೈನಸ್, ಗುಣಿಸಿದಾಗ ಪ್ಲಸ್ ಬಂದರೂ ಸರಿಯೇ.

ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್‌ನಲ್ಲಿ ಮಾಡುವಾಗಲೂ ಇದೇ ಗೊಂದಲ ಬೇರೆ ವೇಷದಲ್ಲಿ ಬರುತ್ತದೆ. X ಅನ್ನು B ಕಾಲಂನಲ್ಲಿ, Y ಅನ್ನು C ಕಾಲಂನಲ್ಲಿ ಹಾಕಿದ್ದೀರಿ ಅಂದರೆ:

```
=CORREL(B2:B8,C2:C8)
=SLOPE(C2:C8,B2:B8)
=INTERCEPT(C2:C8,B2:B8)
```

CORREL ಒಳಗೆ ಯಾವುದು ಮೊದಲು ಬಂದರೂ 0.97. ಆದರೆ SLOPE ಒಳಗೆ Y ಮೊದಲು ಬರಬೇಕು. ಅದಲುಬದಲಾದರೆ ಎಕ್ಸೆಲ್ ಯಾವ ತಪ್ಪನ್ನೂ ತೋರಿಸುವುದಿಲ್ಲ, 4.5 ಬದಲು 0.207 ಕೊಟ್ಟು ಸುಮ್ಮನಾಗುತ್ತದೆ. ಅದು ಇನ್ನೊಂದು ಗೆರೆ. "ಒಂದು ದಿನ ಮಳೆ ಜಾಸ್ತಿಯಾದರೆ 0.2 ಕೊಡೆ ಜಾಸ್ತಿ" ಅಂತ ವಿವರಣೆ ಬರೆಯುವಾಗಲಾದರೂ ಇದು ಕಣ್ಣಿಗೆ ಬೀಳಬೇಕು. ಪಟ್ಟಿಯಲ್ಲಿ 1 ದಿನ ಮಳೆ ಬಂದ ವಾರ 12 ಕೊಡೆ, 7 ದಿನ ಬಂದ ವಾರ 42 ಕೊಡೆ ಮಾರಿದೆ. 0.2 ಹೇಗೆ ಹೊಂದುತ್ತೆ?

ಇಲ್ಲಿಯವರೆಗೆ ಎಲ್ಲಾ ಚೆಂದ ಬಂತು. ಈಗ ಅದೇ ಅಂಗಡಿಯ ಇನ್ನೊಂದು ವಾರವನ್ನು ಸೇರಿಸೋಣ. ನನಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ವಾರವೇ. ಜುಲೈ ಮಧ್ಯ, ಪುನರ್ವಸು ಮಳೆ, ಆಗುಂಬೆ ಕಡೆಯಿಂದ ಮೋಡ ಬಿಟ್ಟೂ ಬಿಡದೆ ಸುರಿಯುತ್ತಿದೆ. X = 7. ಗೆರೆ ಹೇಳುವುದು 8 + 31.5, ಅಂದರೆ ಸುಮಾರು 40 ಕೊಡೆ. ಮಾರಾಟವಾದದ್ದು 10.

ಯಾಕೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮನೆಗೆ ಬೇಕಾದ ಕೊಡೆ ಮೃಗಶಿರದಲ್ಲೇ ಬಂದಾಗಿದೆ. ಪುನರ್ವಸುವಿನಲ್ಲಿ ಅಂಗಡಿಗೆ ಬರುವವರು ಗಾಳಿಗೆ ಕೊಡೆ ಮಗುಚಿ ಕಡ್ಡಿ ಮುರಿದುಕೊಂಡವರು, ಬಸ್ಸಿನಲ್ಲಿ ಬಿಟ್ಟು ಇಳಿದವರು, ಅಷ್ಟೇ. ಮಳೆ ಕಡಿಮೆಯಾಗಿಲ್ಲ, ಕೊಳ್ಳುವ ಅಗತ್ಯ ಮುಗಿದಿದೆ.

ಈ ಒಂದೇ ವಾರವನ್ನು ಪಟ್ಟಿಗೆ ಸೇರಿಸಿ ಮತ್ತೆ ಲೆಕ್ಕ ಹಾಕಿ. ಸರಾಸರಿ ಮಳೆ 4.375 ದಿನ, ಸರಾಸರಿ ಮಾರಾಟ 24. Σx² 43.875, Σy² 1,006, Σxy 120. r 0.97ರಿಂದ 0.57ಕ್ಕೆ ಬೀಳುತ್ತದೆ. b 4.5ರಿಂದ 2.74ಕ್ಕೆ ಇಳಿಯುತ್ತದೆ. ಎಂಟರಲ್ಲಿ ಒಂದೇ ಒಂದು ಚುಕ್ಕಿ ಇಷ್ಟು ಮಾಡಿತು. ಹೊಸ ಗೆರೆ Y = 12.03 + 2.74X. ಇದರಲ್ಲಿ 7 ದಿನದ ಮಳೆಗೆ ಅಂದಾಜು 31. ಈಗ ಪಟ್ಟಿ ನೋಡಿ. 7 ದಿನ ಮಳೆ ಬಂದ ವಾರಗಳಲ್ಲಿ ಮಾರಿದ್ದು 42, 36 ಮತ್ತು 10. ಜೂನ್‌ಗೆ 31 ಕಮ್ಮಿಯಾಯಿತು, ಜುಲೈಗೆ ಮೂರು ಪಟ್ಟು ಜಾಸ್ತಿಯಾಯಿತು. ಯಾವ ವಾರಕ್ಕೂ ಹೊಂದದ ಅಂಕಿ ಅದು.

ಎರಡು ಗೆರೆಗಳೂ ಈಗ ದೂರ ಸರಿದಿವೆ. ಮೊದಲು ಅವು ಹೆಚ್ಚುಕಮ್ಮಿ ಒಂದರ ಮೇಲೊಂದು ಇದ್ದವು, ಒಂದರ ಏರು 4.5, ಇನ್ನೊಂದನ್ನು ತಿರುಗಿಸಿ ಬರೆದರೆ 4.83. ಈಗ ಒಂದು 2.74, ಇನ್ನೊಂದು 8.38. r ಕುಗ್ಗಿದಷ್ಟೂ ಎರಡು ಗೆರೆಗಳ ನಡುವಿನ ಕೋನ ಅಗಲವಾಗುತ್ತದೆ. r ಸೊನ್ನೆಯಾದರೆ ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ ನಿಲ್ಲುತ್ತದೆ. r ನಿಖರವಾಗಿ 1 ಅಥವಾ −1 ಆದಾಗ ಮಾತ್ರ ಎರಡೂ ಸೇರಿ ಒಂದೇ ಗೆರೆ.

ಈ ತೊಂದರೆ ಫಾರ್ಮುಲಾದಿಂದ ಗೊತ್ತಾಗುವುದಿಲ್ಲ, ಚುಕ್ಕಿ ಹಾಕಿದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಏಳು ಚುಕ್ಕಿ ಮೇಲಕ್ಕೆ ಏರುತ್ತಾ ಹೋಗಿರುತ್ತವೆ, ಎಂಟನೆಯದು ಬಲಗಡೆ ಕೆಳಮೂಲೆಯಲ್ಲಿ ಒಂಟಿಯಾಗಿ ಕೂತಿರುತ್ತದೆ. ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಇದನ್ನೇ ತೋರಿಸಲು ನಾಲ್ಕು ಪುಟ್ಟ ಪಟ್ಟಿ ಮಾಡಿದರು, ಒಂದೊಂದರಲ್ಲಿ 11 ಜೋಡಿ ಅಂಕಿ. ನಾಲ್ಕರಲ್ಲೂ r ಸುಮಾರು 0.82, ಗೆರೆಯೂ ನಾಲ್ಕಕ್ಕೂ ಒಂದೇ, Y = 3 + 0.5X. ಗ್ರಾಫ್ ಹಾಕಿದರೆ ಒಂದು ಮಾಮೂಲಿ ಏರು, ಒಂದು ಕಮಾನಿನ ಹಾಗೆ ಬಾಗಿದ ಸಾಲು, ಒಂದರಲ್ಲಿ ನೆಟ್ಟಗಿನ ಸಾಲಿನಿಂದ ಒಂದೇ ಚುಕ್ಕಿ ಹೊರಗೆ, ಇನ್ನೊಂದರಲ್ಲಿ ದೂರದ ಒಂದೇ ಚುಕ್ಕಿ ಇಡೀ ಸಂಬಂಧವನ್ನು ಹುಟ್ಟಿಸಿದೆ. ನಮ್ಮ ಜುಲೈ ಚುಕ್ಕಿ ಸಂಬಂಧವನ್ನು ಕೆಡಿಸಿತು, ಅಲ್ಲಿ ಒಂದು ಚುಕ್ಕಿ ಇಲ್ಲದ ಸಂಬಂಧವನ್ನು ಸೃಷ್ಟಿಸಿತು. ಎರಡೂ ಆಗುತ್ತದೆ. ಆ ಹನ್ನೊಂದು ಜೋಡಿಗಳ ಪಟ್ಟಿಗಳನ್ನು ಒಮ್ಮೆ ನೀವೇ ಗ್ರಾಫ್ ಹಾಕಿ ನೋಡಿ.

ಹಾಗಂತ ಜುಲೈ ವಾರವನ್ನು ಅಳಿಸಿ 0.97ನ್ನೇ ಉಳಿಸಿಕೊಳ್ಳುವುದೂ ಸರಿಯಲ್ಲ. ಅದು ಬರೆಯುವಾಗ ಆದ ತಪ್ಪಾಗಿದ್ದರೆ, 40 ಅನ್ನುವುದು 10 ಆಗಿದ್ದರೆ, ಬಿಲ್ ಪುಸ್ತಕ ನೋಡಿ ತಿದ್ದಬಹುದು. ನಿಜವಾಗಿ 10 ಮಾರಿದ್ದರೆ ಅದು ಒಂದು ಸುದ್ದಿ: ನಮ್ಮ ಗೆರೆ ಮಳೆಗಾಲದ ಶುರುವಿಗೆ ಮಾತ್ರ ಸಲ್ಲುತ್ತದೆ. ಅದನ್ನು ಹಾಗೇ ಬರೆಯಬೇಕು, "ಮೇ ಮೊದಲ ವಾರದಿಂದ ಜೂನ್ ಮಧ್ಯದವರೆಗಿನ ವಾರಗಳಿಗೆ" ಅಂತ. ಗಮನಿಸಿ, ಇಲ್ಲಿ X ಅಳತೆಯ ಒಳಗೇ ಇತ್ತು. 7 ದಿನದ ಮಳೆ ನಮ್ಮ ಪಟ್ಟಿಯಲ್ಲಿ ಮೊದಲೇ ಎರಡು ಸಲ ಬಂದಿದೆ. ಪಟ್ಟಿಯಲ್ಲಿ ಇರುವ X ಮಿತಿಯನ್ನು ದಾಟಬಾರದು ಅಂತ ಪುಸ್ತಕದಲ್ಲಿ ಓದಿರುತ್ತೀರಿ, ಅದು ಸರಿ. ಆದರೆ ಮಿತಿಯ ಒಳಗಿದ್ದೂ ಕಾಲ ಬದಲಾದರೆ ಗೆರೆ ಕೆಲಸಕ್ಕೆ ಬರುವುದಿಲ್ಲ.

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹೋದರೆ ಕಾರಣದ ಪ್ರಶ್ನೆ ಬರುತ್ತದೆ. ಮಳೆಯೇ ಕೊಡೆ ಮಾರಿಸಿತಾ? ಐದನೇ ವಾರ ನೋಡಿ, ಗೆರೆ 30.5 ಅಂದಿತ್ತು, ಮಾರಿದ್ದು 34. ಅದು ಮೇ ಕೊನೆ, ಜೂನ್ ಶುರು, ಶಾಲೆ ಬಾಗಿಲು ತೆರೆಯುವ ಹೊತ್ತು. ಮಕ್ಕಳಿಗೆ ಬ್ಯಾಗು, ಪುಸ್ತಕದ ಜೊತೆ ಕೊಡೆಯನ್ನೂ ಅದೇ ಪೇಟೆ ಸುತ್ತಿನಲ್ಲಿ ಕೊಳ್ಳುತ್ತಾರೆ, ಆ ದಿನ ಬಿಸಿಲಿದ್ದರೂ ಕೊಳ್ಳುತ್ತಾರೆ. ಮಳೆ ಹೆಚ್ಚುವ ಕಾಲ, ಶಾಲೆ ಶುರುವಾಗುವ ಕಾಲ ಎರಡೂ ಒಟ್ಟಿಗೇ ಬಂದದ್ದರಿಂದ ನಮ್ಮ 4.5ರಲ್ಲಿ ಒಂದಷ್ಟು ಪಾಲು ಶಾಲೆಯದ್ದೂ ಇರಬಹುದು. ಮೂರೂವರೆ ಕೊಡೆಯ ವ್ಯತ್ಯಾಸ ಒಂದರಿಂದಲೇ ಅದನ್ನು ತೀರ್ಮಾನ ಮಾಡಲಾಗದು, ಯಾಕೆಂದರೆ ಬೇರೆ ವಾರಗಳಲ್ಲೂ ಮೂರರ ಆಸುಪಾಸಿನ ತಪ್ಪು ಇದೆ. ಈ ಎರಡನ್ನು ಬಿಡಿಸಲು ಒಂದೇ X ಇರುವ ಗೆರೆಗೆ ಆಗುವುದಿಲ್ಲ. ಒಂದೋ ಹಲವು ವರ್ಷದ ಪಟ್ಟಿ ಬೇಕು, ಮಳೆ ತಡವಾದರೂ ಶಾಲೆ ಸಮಯಕ್ಕೆ ಶುರುವಾದ ವರ್ಷಗಳೂ ಅದರಲ್ಲಿ ಇರಬೇಕು, ಇಲ್ಲವೇ ಶಾಲೆಯನ್ನು ಎರಡನೇ X ಆಗಿ ಸೇರಿಸುವ ಮಲ್ಟಿಪಲ್ ರಿಗ್ರೆಷನ್ ಬೇಕು. ಅದಕ್ಕೂ ಏಳು ವಾರ ಸಾಲದು.

ನಿಮ್ಮ ಪ್ರಾಜೆಕ್ಟಿಗೆ ಇಂಥದ್ದೇ ಲೆಕ್ಕ ಮಾಡುವುದಾದರೆ ಊರಿನ ಒಂದು ಅಂಗಡಿಯಲ್ಲಿ ಎರಡು ಮೂರು ವರ್ಷದ ಬಿಲ್ ಪುಸ್ತಕ ನೋಡಲು ಕೇಳಿಕೊಳ್ಳಿ. ಪ್ರತಿ ವಾರದ ಸಾಲಿನಲ್ಲಿ ಮಳೆ ದಿನ, ಮಾರಾಟ ಎರಡನ್ನೇ ಬರೆಯಬೇಡಿ, ತಾರೀಕು ಮತ್ತು ಶಾಲೆ ಶುರುವಾಗಿತ್ತಾ ಇಲ್ಲವಾ ಅನ್ನುವುದನ್ನೂ ಬರೆಯಿರಿ. ಆಮೇಲೆ ಗ್ರಾಫ್ ಹಾಕುವಾಗ ಜೂನ್ ಮಧ್ಯದವರೆಗಿನ ಚುಕ್ಕಿಗೆ ಒಂದು ಬಣ್ಣ, ಅದರ ನಂತರದ್ದಕ್ಕೆ ಇನ್ನೊಂದು ಬಣ್ಣ ಕೊಡಿ. ಎರಡು ಬಣ್ಣ ಬೇರೆ ಬೇರೆ ಕಡೆ ಗುಂಪಾಗಿ ಕಂಡರೆ r ಒಟ್ಟಿಗೆ ಹಾಕಬೇಡಿ, ಎರಡು ಗುಂಪಿಗೆ ಬೇರೆ ಬೇರೆ ಹಾಕಿ, ಎರಡು ಬೇರೆ Y on X ಸಮೀಕರಣ ಬರೆಯಿರಿ.